ಪುಟ ಬದಲಾವಣೆಯ ಅನುಕರಣ

ಗಣಕದ ಮುಖ್ಯ ಸ್ಮೃತಿಯಲ್ಲಿ ಎಡೆಯಿಲ್ಲದಿರುವಾಗ ಹೊಸ ಪುಟವೊಂದಕ್ಕೆ ಸ್ಥಳ ಮಾಡಿಕೊಡಲು ಹಳೆಯ ಯಾವ ಪುಟವನ್ನು ಹೊರಕ್ಕೆ ಕಳುಹಿಸಬೇಕೆಂಬ ಪ್ರಶ್ನೆಯು, ಅಂತಃಸ್ಮೃತಿಯನ್ನೂ ಡ್ರಮ್ ಸಂಗ್ರಹವನ್ನೂ ಏಕವಾಗಿ ಕಾಣುವಂತೆ ಮಾಡಿದ ಮ್ಯಾಂಚೆಸ್ಟರಿನ ಅಟ್ಲಾಸ್ ಗಣಕದ ನಿರ್ಮಾತೃಗಳಿಗೆ 1960ರ ದಶಕದ ಆರಂಭದಲ್ಲಿಯೇ ಎದುರಾಗಿತ್ತು. ಇದನ್ನು ಅನುಕರಣಕ್ಕೆ ಒಳಪಡಿಸಿ, ಪ್ರೋಗ್ರಾಮುಗಳು ಪುಟಗಳನ್ನು ಕೇಳುವ ಕ್ರಮದ ಮೇಲೆ ಹಲವು ವಿಧಾನಗಳನ್ನು ತೂಗಿ ನೋಡಿದವನು ಐಬಿಎಮ್ ಸಂಸ್ಥೆಯ ಲಾಸ್ಲೋ ಬೆಲಾಡಿ. ಮುಂದೆ ಅತಿ ತಡವಾಗಿ ಬೇಕಾಗುವ ಪುಟವನ್ನೇ ತೆಗೆಯುವ ಕ್ರಮವನ್ನು ಅವನು 1966ರ ಲೇಖನದಲ್ಲಿ ಅಳತೆಗೋಲಾಗಿ ಇರಿಸಿದನು. ಭವಿಷ್ಯವನ್ನರಿಯದ ಯಂತ್ರಕ್ಕೆ ಅದು ಅಸಾಧ್ಯವಾದರೂ, ಸರಣಿಯೆಲ್ಲವೂ ಮೊದಲೇ ಕೈಯಲ್ಲಿರುವ ಅನುಕರಣಕ್ಕೆ ಸುಲಭಸಾಧ್ಯವೇ ಆಗಿದೆ.

ಪಾಠಕ್ರಮಕ್ಕೆ ಹೆಚ್ಚು ಉಪಕರಿಸಿದುದು 1969ರಲ್ಲಿ ಬೆಲಾಡಿ, ನೆಲ್ಸನ್ ಮತ್ತು ಶೆಡ್ಲರ್ ಪ್ರಕಟಿಸಿದ ವಿಪರೀತವಾದೊಂದು ಸಂಗತಿ. ಮೊದಲು ಬಂದುದು ಮೊದಲು ತೆರಳಬೇಕೆಂಬ ಫೈಫೋ ಕ್ರಮದಲ್ಲಿ ಸ್ಮೃತಿಯನ್ನು ಹಿಗ್ಗಿಸಿದರೆ ಪೇಜ್ ಫಾಲ್ಟುಗಳು ಕೆಲವೊಮ್ಮೆ ಹೆಚ್ಚುತ್ತವೆ. ಇಂದಿಗೂ ತರಗತಿಗಳಲ್ಲಿ ಕಾಣುವ ಸರಣಿಯನ್ನು ಗಮನಿಸಬಹುದು: 1, 2, 3, 4, 1, 2, 5, 1, 2, 3, 4, 5. ಬರಿದಾದ ಮೂರು ಫ್ರೇಮುಗಳಿಂದ ಆರಂಭಿಸಿದರೆ ಮೊದಲ ಏಳು ಬೇಡಿಕೆಗಳೂ ಫಾಲ್ಟುಗಳಾಗಿ, ಮುಂದಿನ 1 ಮತ್ತು 2 ದೊರೆತು, 3 ಮತ್ತು 4 ಮತ್ತೆ ತಪ್ಪಿ, ಕೊನೆಯ 5 ಸ್ಮೃತಿಯಲ್ಲಿಯೇ ಸಿಗುವುದರಿಂದ ಒಟ್ಟು 9 ಆಗುತ್ತವೆ. ನಾಲ್ಕು ಫ್ರೇಮುಗಳಿದ್ದಾಗ ನಡುವಿನ 1 ಮತ್ತು 2 ದೊರೆತರೂ, 5 ಬಂದು 1ನ್ನು ಹೊರಡಿಸಿದ ಬಳಿಕ ಪ್ರತಿಯೊಂದು ಬೇಡಿಕೆಯೂ ಆಗತಾನೇ ಹೊರಬಿದ್ದ ಪುಟವನ್ನೇ ಅರಸುವುದರಿಂದ ಲೆಕ್ಕವು 10ಕ್ಕೆ ಏರುತ್ತದೆ.

ಬಹುಕಾಲದಿಂದ ಬಳಕೆಯಾಗದುದನ್ನು ತೆಗೆಯುವ ಎಲ್‌ಆರ್‌ಯು ಕ್ರಮಕ್ಕೆ ಈ ದೋಷವಿಲ್ಲ. ಇದೇ ಸರಣಿಗೆ ಅದು ಮೂರು ಫ್ರೇಮುಗಳಲ್ಲಿ 10, ನಾಲ್ಕರಲ್ಲಿ 8 ಫಾಲ್ಟುಗಳನ್ನು ಕೊಡುತ್ತದೆ. ಕಾರಣವನ್ನು ಮ್ಯಾಟ್ಸನ್ ಮತ್ತು ಸಂಗಡಿಗರು 1970ರಲ್ಲಿ ವಿಶದಪಡಿಸಿದರು: ಎಲ್‌ಆರ್‌ಯುವಿನಲ್ಲಿ ಚಿಕ್ಕ ಸ್ಮೃತಿಯಲ್ಲಿರುವ ಪುಟಗಳೆಲ್ಲವೂ ಯಾವ ಕ್ಷಣದಲ್ಲಿಯೂ ದೊಡ್ಡದರಲ್ಲಿಯೂ ಇದ್ದೇ ಇರುತ್ತವೆ. ಆದ್ದರಿಂದ ಇತ್ತೀಚಿನ ಬಳಕೆಯ ಕ್ರಮದಲ್ಲಿ ಪುಟಗಳನ್ನು ಒಂದರ ಕೆಳಗೊಂದು ಜೋಡಿಸಿ, ಬೇಡಿದ ಪುಟವು ಮೇಲಿನಿಂದ ಎಷ್ಟನೆಯದೆಂದು ಗುರುತಿಸುತ್ತ ಹೋದರೆ, ಸರಣಿಯ ಒಂದೇ ಓಟದಲ್ಲಿ ಎಲ್ಲ ಗಾತ್ರಗಳ ಫಾಲ್ಟುಗಳೂ ತಿಳಿದುಬರುತ್ತವೆ. ಫೈಫೋಗೆ ಈ ಅನುಕೂಲವಿಲ್ಲ. ಪ್ರತಿ ಗಾತ್ರಕ್ಕೂ ಸಾಮಾನ್ಯವಾಗಿ ಬೇರೆಯೇ ಓಟ ಬೇಕು.

ವಿದ್ಯಾರ್ಥಿಗಳು ಬರೆಯುವ ಅನುಕರಣದಲ್ಲಿ ಅತ್ಯಂತ ವಂಚಕವಾದ ತಪ್ಪು, ಪುಟವು ಸ್ಮೃತಿಯಲ್ಲಿಯೇ ದೊರೆತಾಗಲೂ ಅದನ್ನು ಸಾಲಿನ ಕೊನೆಗೆ ಸರಿಸುವುದು. ಪ್ರೋಗ್ರಾಮು ನಿರ್ವಿಘ್ನವಾಗಿ ಓಡಿ ಒಪ್ಪುವಂಥ ಸಂಖ್ಯೆಯನ್ನೇ ಕೊಡುತ್ತದೆಯಾದರೂ, ಫೈಫೋ ಎಂಬ ಹೆಸರಿನಡಿ ಎಲ್‌ಆರ್‌ಯು ನಡೆದಿರುತ್ತದೆ. ಮೇಲಿನ ಸರಣಿಗೆ 9 ಮತ್ತು 10ರ ಬದಲು 10 ಮತ್ತು 8 ಬಂದರೆ ದೋಷವಿರುವುದು ಅಲ್ಲಿಯೇ. 6 ಮತ್ತು 6 ಬಂದರೆ, ಖಾಲಿ ಫ್ರೇಮುಗಳನ್ನು ತುಂಬಿದ ಮೊದಲ ಫಾಲ್ಟುಗಳನ್ನು ಎಣಿಕೆಯಿಂದ ಬಿಟ್ಟಿರಬೇಕು.