ಅಮಾನತು ನೋಟಿಸ್ ಕೈಗೆ ಬಂದ್ರೆ: ಅರ್ಧ ಸಂಬಳ ಎಷ್ಟು, ಎಲ್ಲಿವರೆಗೆ, ಯಾರು ಏನು ಮಾಡಬೇಕು?

ಕುಮಾರ ಪಾರ್ಕ್: ಕ್ಯಾಶ್ ಲೆಕ್ಕ ತಾಳೆ ಆಗಲಿಲ್ಲ, ಸ್ಟಾಕ್ ಕಮ್ಮಿ ಬಂತು, ಗಿರಾಕಿ ಜತೆ ಜಗಳ ಆಯ್ತು. ಇಂಥ ಯಾವುದೋ ಕಾರಣಕ್ಕೆ ಮಾಲೀಕರು ಕೆಲಸಗಾರನಿಗೆ "ವಿಚಾರಣೆ ಮುಗಿಯೋವರೆಗೂ ಬರಬೇಡ" ಅಂತಾರೆ. ಕುಮಾರ ಪಾರ್ಕ್, ಶೇಷಾದ್ರಿಪುರಂ, ಮಲ್ಲೇಶ್ವರದ ಮೆಡಿಕಲ್ ಸ್ಟೋರ್, ಹೋಟೆಲ್, ಬಟ್ಟೆ ಅಂಗಡಿ, ಆಡಿಟರ್ ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ ಈ ಮಾತು ಹೊಸದೇನಲ್ಲ. ಆದರೆ ಆ ದಿನದಿಂದ ಸಂಬಳ ಏನಾಗುತ್ತೆ, ಕೆಲಸಗಾರ ಎಲ್ಲಿರಬೇಕು, ಯಾರಿಗೆ ವರದಿ ಮಾಡಿಕೊಳ್ಳಬೇಕು ಅನ್ನೋದು ಇಬ್ಬರಿಗೂ ಸರಿಯಾಗಿ ಗೊತ್ತಿರಲ್ಲ. ಅಲ್ಲೇ ಎಡವಟ್ಟು ಶುರುವಾಗೋದು.

ಅಮಾನತು ಅಂದ್ರೆ ವಜಾ ಅಲ್ಲ

ವಿಚಾರಣೆಗಾಗಿ ಅಮಾನತು ಮಾಡುವುದು ಶಿಕ್ಷೆ ಅಲ್ಲ. ಆರೋಪ ಇನ್ನೂ ಸಾಬೀತಾಗಿರಲ್ಲ. ದಾಖಲೆ ತಿದ್ದಬಾರದು, ಸಾಕ್ಷಿಗಳ ಮೇಲೆ ಒತ್ತಡ ಬೀಳಬಾರದು ಅಂತ ಕೆಲಸಗಾರನನ್ನು ಸ್ವಲ್ಪ ದಿನ ದೂರ ಇಡುವ ಕ್ರಮ ಇದು. ಮಾಲೀಕ ಮತ್ತು ಕೆಲಸಗಾರನ ಸಂಬಂಧ ಹಾಗೇ ಇರುತ್ತೆ. ಕೆಲಸ ಮಾತ್ರ ನಿಂತಿರುತ್ತೆ.

ಸಂಬಂಧ ಉಳಿದಿರುವುದರಿಂದ ಹೊಟ್ಟೆಪಾಡಿಗೆ ಒಂದಿಷ್ಟು ಹಣ ಕೊಡಲೇಬೇಕು. ಅದೇ ಜೀವನಾಧಾರ ಭತ್ಯೆ. ಕರ್ನಾಟಕದಲ್ಲಿ ಇದಕ್ಕೆ ಅಂತಲೇ 1988ರ ಜೀವನಾಧಾರ ಭತ್ಯೆ ಸಂದಾಯ ಕಾಯ್ದೆ ಇದೆ. "ತಪ್ಪು ಮಾಡಿದವನಿಗೆ ಯಾಕೆ ದುಡ್ಡು?" ಅನ್ನೋ ಮಾಲೀಕರು ಒಂದು ಮಾತು ಗಮನಿಸಬೇಕು: ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ತಿಳಿಯೋಕೇ ವಿಚಾರಣೆ ಇರೋದು.

ಲೆಕ್ಕ ಹೀಗೆ

ಅಮಾನತಾದ ದಿನದಿಂದ ಮೊದಲ 90 ದಿನ, ಅಮಾನತಿಗೆ ಮುಂಚೆ ಬರುತ್ತಿದ್ದ ವೇತನದ ಶೇ 50. ವಿಚಾರಣೆ ಮುಗಿಯದೆ 90 ದಿನ ದಾಟಿದರೆ, 180ನೇ ದಿನದವರೆಗೆ ಶೇ 75. ಅದನ್ನೂ ದಾಟಿದರೆ ಶೇ 90. ಆದರೆ ವಿಚಾರಣೆ ಎಳೆದಾಡಲು ಕೆಲಸಗಾರನೇ ಕಾರಣ ಅಂತಾದರೆ ಮೊತ್ತ ಏರಲ್ಲ, ಅರ್ಧದಲ್ಲೇ ನಿಲ್ಲುತ್ತೆ.

ಒಂದು ಉದಾಹರಣೆ ನೋಡೋಣ. ಅಂಗಡಿಯೊಂದರ ಕ್ಯಾಶಿಯರ್‌ಗೆ ತಿಂಗಳಿಗೆ 18,000 ರೂ. ಸಂಬಳ ಅಂದುಕೊಳ್ಳಿ, ಅಂದರೆ ದಿನಕ್ಕೆ 600 ರೂ. ಜೂನ್ 1ಕ್ಕೆ ಅಮಾನತು ಆಯ್ತು. ಆಗಸ್ಟ್ 29ಕ್ಕೆ 90 ದಿನ ತುಂಬುತ್ತೆ. ಅಲ್ಲಿವರೆಗೆ ದಿನಕ್ಕೆ 300 ರೂ. ಲೆಕ್ಕದಲ್ಲಿ 27,000 ರೂ. ಆಗಸ್ಟ್ 30ರಿಂದ ನವೆಂಬರ್ 27ರವರೆಗೆ ಇನ್ನೊಂದು 90 ದಿನ. ಆಗ ದಿನಕ್ಕೆ 450 ರೂ., ಒಟ್ಟು 40,500 ರೂ. ನವೆಂಬರ್ 28ರಿಂದ ದಿನಕ್ಕೆ 540 ರೂ. ಅಂದರೆ ಕೆಲಸವೇ ಮಾಡದವನಿಗೆ ಹತ್ತಿರಹತ್ತಿರ ಪೂರ್ತಿ ಸಂಬಳ. ವಿಚಾರಣೆಯನ್ನು ಮೂಲೆಗೆ ಹಾಕಿ ಕೂತರೆ ಕೈ ಸುಡುವುದು ಮಾಲೀಕರದ್ದೇ. ಕಾನೂನು ಮೊತ್ತವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿರೋದು ಇದಕ್ಕೇ.

ಇಎಸ್‌ಐ ಇರುವ ಕಡೆ ಇನ್ನೊಂದು ವಿಷಯ. ಜೀವನಾಧಾರ ಭತ್ಯೆಯೂ ಇಎಸ್‌ಐ ಲೆಕ್ಕಕ್ಕೆ ವೇತನವೇ ಅಂತ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಆದ್ದರಿಂದ ಅಮಾನತಾಯ್ತು ಅಂತ ವಂತಿಗೆ ಕಟ್ಟೋದು ನಿಲ್ಲಿಸುವಂತಿಲ್ಲ. ಅದು ನಿಂತರೆ ಮನೆಯವರ ಆಸ್ಪತ್ರೆ ಖರ್ಚಿಗೇ ಪೆಟ್ಟು.

ಸರ್ಕಾರಿ ನೌಕರರಿಗೆ ಈ ಲೆಕ್ಕ ಅನ್ವಯಿಸಲ್ಲ. ಅವರ ಅಮಾನತು ನಡೆಯೋದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 10ನೇ ನಿಯಮದಡಿ. ಭತ್ಯೆಯನ್ನು ಕೆಸಿಎಸ್‌ಆರ್ ಪ್ರಕಾರ ನಿಗದಿ ಮಾಡ್ತಾರೆ.

ಕೆಜಿಎಫ್ ಪ್ರಕರಣ: ಭತ್ಯೆ ಕೊಡದಿದ್ದಕ್ಕೆ ವಿಚಾರಣೆಯೇ ಬಿದ್ದುಹೋಯ್ತು

ಭತ್ಯೆ ಕೊಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಉದಾಹರಿಸುವ ತೀರ್ಪು ಹುಟ್ಟಿದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ. ಕ್ಯಾಪ್ಟನ್ ಎಂ. ಪಾಲ್ ಆಂಥೋನಿ ಅವರು ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿ. 1985ರ ಜೂನ್ 2ರಂದು ಪೊಲೀಸರು ಅವರ ಮನೆ ಶೋಧಿಸಿದರು. ಚಿನ್ನದ ಸಣ್ಣ ಉಂಡೆ ಮತ್ತು ಚಿನ್ನ ಬೆರೆತ ಮರಳು ಸಿಕ್ಕಿತು ಅನ್ನೋದು ಆರೋಪ. ಮಾರನೇ ದಿನವೇ ಅಮಾನತು, ಅದರ ಮಾರನೇ ದಿನ ಆರೋಪ ಪಟ್ಟಿ.

ಕ್ರಿಮಿನಲ್ ಕೇಸು ಮುಗಿಯೋವರೆಗೆ ಇಲಾಖಾ ವಿಚಾರಣೆ ಮುಂದೂಡಿ ಅಂತ ಅವರು ಕೇಳಿಕೊಂಡರು. ಕಂಪನಿ ಒಪ್ಪಲಿಲ್ಲ. ಅಮಾನತಿನಲ್ಲಿದ್ದಾಗ ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಅವರು ಕೇರಳದ ತಮ್ಮ ಊರಿಗೆ ಹೋಗಿದ್ದರು. ಅಲ್ಲಿಂದ ಕೆಜಿಎಫ್‌ಗೆ ಬಂದು ವಿಚಾರಣೆಗೆ ಕೂರೋಕೆ ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿ, 1986ರ ಜೂನ್ 7ರಂದು ವಜಾ ಮಾಡಿದರು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಆಮೇಲೂ ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ.

ಹೈಕೋರ್ಟ್‌ನ ಏಕಸದಸ್ಯ ಪೀಠ ಅವರ ಪರ, ವಿಭಾಗೀಯ ಪೀಠ ಕಂಪನಿ ಪರ ತೀರ್ಪು ಕೊಟ್ಟವು. ಕೊನೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಮುಖ್ಯವಾಗಿ ಎರಡು ಮಾತು ಹೇಳಿತು. ಒಂದು, ಕ್ರಿಮಿನಲ್ ಕೇಸು ಮತ್ತು ವಿಚಾರಣೆ ಎರಡಕ್ಕೂ ಆಧಾರ ಒಂದೇ ಶೋಧ, ಅವೇ ಸಾಕ್ಷಿಗಳು. ಆ ಶೋಧವನ್ನೇ ಕೋರ್ಟ್ ನಂಬದಿರುವಾಗ ವಜಾ ನಿಲ್ಲಲ್ಲ. ಎರಡು, ಭತ್ಯೆ ಕೊಡದೆ ಕೆಲಸಗಾರನನ್ನು ವಿಚಾರಣೆಗೆ ಬರಲಾಗದ ಸ್ಥಿತಿಗೆ ತಂದು ಆಮೇಲೆ ಏಕಪಕ್ಷೀಯ ವಿಚಾರಣೆ ಮಾಡಿದರೆ, ಆ ವಿಚಾರಣೆಯೇ ಕೆಟ್ಟುಹೋಗುತ್ತೆ. ಅವರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡು, ಅಮಾನತಾದ ದಿನದಿಂದ ಬಾಕಿ ಸಂಬಳ, ಭತ್ಯೆ ಎಲ್ಲ ಕೊಡಿ ಅಂತ ಆದೇಶವಾಯ್ತು. ಅರ್ಧ ಸಂಬಳ ಉಳಿಸೋಕೆ ಹೋದ ಕಂಪನಿ ಸುಮಾರು 14 ವರ್ಷದ ಪೂರ್ತಿ ಸಂಬಳ ಕೊಡಬೇಕಾಯ್ತು.

ಇದರ ಇನ್ನೊಂದು ಮುಖವನ್ನು ಕೆಲಸಗಾರರೂ ನೋಡಬೇಕು. ಭತ್ಯೆ ಸರಿಯಾಗಿ ಬರ್ತಿದೆ, ನೋಟಿಸೂ ತಲುಪಿದೆ, ಆದ್ರೂ ವಿಚಾರಣೆಗೆ ಹೋಗಲಿಲ್ಲ ಅಂದ್ರೆ "ನನಗೆ ಅವಕಾಶ ಕೊಡಲಿಲ್ಲ" ಅನ್ನೋ ವಾದ ಕೋರ್ಟ್‌ನಲ್ಲಿ ನಡೆಯೋದು ಕಷ್ಟ.

ನೋಟಿಸ್‌ನಲ್ಲಿ ಏನಿರಬೇಕು

ಬಾಯಿಮಾತಲ್ಲಿ "ನಾಳೆಯಿಂದ ಬರಬೇಡ" ಅಂದ್ರೆ ಮುಂದೆ ಇಬ್ಬರಿಗೂ ತೊಂದರೆ. ಕೆಲಸದಿಂದ ತೆಗೆದೇಬಿಟ್ಟರು ಅಂತ ಕೆಲಸಗಾರ ಹೇಳಬಹುದು. ಅವನೇ ಬಿಟ್ಟುಹೋದ ಅಂತ ಮಾಲೀಕ ಹೇಳಬಹುದು. ಸಣ್ಣ ಅಂಗಡಿಗೂ ಇಷ್ಟು ಸಾಕು:

"ದಿನಾಂಕ ___ರಂದು ನಡೆದ ___ ಕುರಿತು ನಿಮ್ಮ ಮೇಲೆ ಆರೋಪ ಇರುವುದರಿಂದ, ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ದಿನಾಂಕ ___ರಿಂದ ಅಮಾನತಿನಲ್ಲಿ ಇಡಲಾಗಿದೆ. ಇದು ಶಿಕ್ಷೆಯಲ್ಲ. ಆರೋಪ ಪಟ್ಟಿಯನ್ನು ಪ್ರತ್ಯೇಕವಾಗಿ ಕೊಡಲಾಗುವುದು. ಈ ಅವಧಿಯಲ್ಲಿ ಕಾಯ್ದೆಯಂತೆ ಜೀವನಾಧಾರ ಭತ್ಯೆಯನ್ನು ಪ್ರತಿ ತಿಂಗಳು ___ರಂದು ನಿಮ್ಮ ಬ್ಯಾಂಕ್ ಖಾತೆಗೆ ಹಾಕಲಾಗುವುದು. ಬೇರೆ ಕಡೆ ಕೆಲಸದಲ್ಲಿಲ್ಲ ಎಂಬ ಹೇಳಿಕೆಯನ್ನು ಪ್ರತಿ ತಿಂಗಳು ಕೊಡತಕ್ಕದ್ದು. ಅನುಮತಿ ಇಲ್ಲದೆ ಕೆಲಸದ ಸ್ಥಳಕ್ಕೆ ಬರಬಾರದು. ಕರೆದಾಗ ವಿಚಾರಣೆಗೆ ಹಾಜರಾಗತಕ್ಕದ್ದು. ವಿಳಾಸ, ಮೊಬೈಲ್ ಸಂಖ್ಯೆ ಬದಲಾದರೆ ತಿಳಿಸತಕ್ಕದ್ದು."

ಕೆಳಗೆ ಮಾಲೀಕರ ಸಹಿ, ದಿನಾಂಕ, ಸೀಲು. ಎರಡು ಪ್ರತಿ ಮಾಡಿ ಒಂದರ ಮೇಲೆ ಕೆಲಸಗಾರನ ಸಹಿ ಪಡೆಯಬೇಕು. ತೆಗೆದುಕೊಳ್ಳಲ್ಲ ಅಂದ್ರೆ ಅಂಚೆಯಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ನೋಟಿಸ್‌ಗೆ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂಗೆ ಅಂತ ತುಂಬಾ ಜನ ಹೆದರ್ತಾರೆ. ಹಾಗೇನಿಲ್ಲ. "ಪ್ರತಿ ಪಡೆದಿದ್ದೇನೆ" ಅಂತ ಬರೆದು ದಿನಾಂಕ ಹಾಕಿ ಸಹಿ ಮಾಡಿದರೆ, ಅದು ಕಾಗದ ಕೈ ಸೇರಿದ್ದಕ್ಕೆ ಮಾತ್ರ ಸಾಕ್ಷಿ.

ಅಮಾನತಿನಲ್ಲಿದ್ದಾಗ ನಡವಳಿಕೆ

ಮೊದಲ ದಿನವೇ ಬೀಗದ ಕೈ, ಗುರುತಿನ ಚೀಟಿ, ಅಂಗಡಿಯ ಮೊಬೈಲು, ಕೈಲಿರುವ ನಗದು, ಬಿಲ್ ಪುಸ್ತಕ ಒಪ್ಪಿಸಿ, ಏನೇನು ಕೊಟ್ಟೆ ಅಂತ ಪಟ್ಟಿ ಬರೆಸಿ ಸಹಿ ತೆಗೆದುಕೊಳ್ಳಬೇಕು. ಮುಂದೆ "ಅದೂ ಕಾಣೆಯಾಗಿದೆ" ಅನ್ನೋ ಮಾತು ಬಂದರೆ ಈ ಚೀಟಿಯೇ ಕಾಯುತ್ತೆ.

ಬೇರೆ ಕಡೆ ಕೆಲಸ ಹಿಡಿದರೆ ಭತ್ಯೆಯ ಹಕ್ಕು ಹೋಗುತ್ತೆ. ಅಮಾನತಾದವರು ಜಾಸ್ತಿ ಎಡವೋದು ಇಲ್ಲೇ. ಅರ್ಧ ಸಂಬಳ ಸಾಲದೆ ಪಕ್ಕದ ರಸ್ತೆಯ ಅಂಗಡಿಯಲ್ಲಿ ಕೂತರೆ ಯಾರೋ ಒಬ್ಬರು ನೋಡೇ ನೋಡ್ತಾರೆ. "ಕೆಲಸದಲ್ಲಿಲ್ಲ" ಅಂತ ಬರೆದುಕೊಟ್ಟು ಹೀಗೆ ಮಾಡಿದರೆ ಸುಳ್ಳು ಹೇಳಿಕೆ ಅನ್ನೋ ಹೊಸ ಆರೋಪ ಸೇರುತ್ತೆ. ಹಾಗೆಯೇ, ಹೇಳಿಕೆ ಕೊಡಿ ಅಂತ ಕೇಳದೇ ಇದ್ದ ಮಾಲೀಕರು ಆಮೇಲೆ "ಹೇಳಿಕೆ ಬಂದಿಲ್ಲ" ಅಂತ ಭತ್ಯೆ ತಡೆಯೋದು ಸರಿಯಲ್ಲ.

ಜತೆ ಕೆಲಸಗಾರರು ಸಾಕ್ಷಿಗಳಾಗಿರಬಹುದು. ಅವರಿಗೆ ಫೋನ್ ಮಾಡಿ "ನೀನು ಹಿಂಗೆ ಹೇಳು" ಅನ್ನೋದು, ವಾಟ್ಸ್‌ಆ್ಯಪ್ ಗುಂಪಲ್ಲಿ ಮಾಲೀಕರನ್ನು ಬೈಯೋದು ಎರಡೂ ವಿಚಾರಣೆಯಲ್ಲಿ ತನಗೇ ತಿರುಗುತ್ತೆ. ಹೇಳೋದೆಲ್ಲ ಬರವಣಿಗೆಯಲ್ಲಿ ಉತ್ತರವಾಗಿ ಹೇಳೋದು ಒಳ್ಳೇದು.

ವರದಿ ಎಲ್ಲಿ, ಯಾವಾಗ

ಕೆಲವು ಮಾಲೀಕರು "ಕೆಲಸ ಬೇಡ, ಆದರೆ ದಿನಾ ಬಂದು ಸಹಿ ಹಾಕು" ಅಂತಾರೆ. ಕೆಲಸದ ಸ್ಥಳಕ್ಕೆ ಬರಬೇಡ ಅಂತ ನೋಟಿಸ್ ಕೊಟ್ಟು, ಸಹಿ ಇಲ್ಲ ಅಂತ ಭತ್ಯೆ ಹಿಡಿದರೆ ಆ ಎರಡು ಮಾತೂ ಒಂದಕ್ಕೊಂದು ಕೂಡಲ್ಲ. ಹಾಜರಿ ಬೇಕಾಗೋದು ವಿಚಾರಣೆಯ ದಿನ. ಊರು ಬಿಟ್ಟು ಹೋಗುವುದಿದ್ದರೆ ಎಲ್ಲಿಗೆ, ಎಷ್ಟು ದಿನ ಅಂತ ಪತ್ರ ಅಥವಾ ಇಮೇಲ್‌ನಲ್ಲಿ ತಿಳಿಸಿಬಿಡಬೇಕು. ಸರ್ಕಾರಿ ನೌಕರರ ಆದೇಶದಲ್ಲಂತೂ ಅನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡಬಾರದು ಅನ್ನೋ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ.

ಕಾಯಿಲೆ ಇದ್ದರೆ ಡಾಕ್ಟರ್ ಚೀಟಿ ಜತೆ ಮುಂಚಿತವಾಗಿ ದಿನಾಂಕ ಮುಂದೂಡಲು ಕೇಳಬೇಕು. ಸುಮ್ಮನೆ ಗೈರಾದರೆ ವಿಳಂಬ ಕೆಲಸಗಾರನ ತಲೆಗೇ ಬರುತ್ತೆ, ಶೇ 75ರ ಹಕ್ಕೂ ಕೈತಪ್ಪುತ್ತೆ.

ಒಂದು ತಿಂಗಳು ಕಳೆದರೂ ಭತ್ಯೆ ಬರದಿದ್ದರೆ ಮೊದಲು ಮಾಲೀಕರಿಗೆ ಪತ್ರ ಬರೆಯಬೇಕು: ಅಮಾನತಾದ ದಿನ, ಸಂಬಳ, ಬರಬೇಕಾದ ಮೊತ್ತ, ಭತ್ಯೆ ಇಲ್ಲದೆ ವಿಚಾರಣೆಗೆ ಬರಲು ಆಗುತ್ತಿಲ್ಲ ಅನ್ನೋ ಒಂದು ಸಾಲು. ಪಾಲ್ ಆಂಥೋನಿ ಪ್ರಕರಣದಲ್ಲಿ ಗೆಲುವು ತಂದ ಅಂಶಗಳಲ್ಲಿ ಒಂದು ಇದೇ. ಉತ್ತರ ಬರದಿದ್ದರೆ ಆ ಪತ್ರದ ಪ್ರತಿ, ಅಮಾನತು ನೋಟಿಸ್, ಕೊನೆಯ ಸಂಬಳದ ಚೀಟಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.