ಹಸಿ ಗೋಡಂಬಿ

ಕಿರಾಣಿ ಅಂಗಡಿಗಳಲ್ಲಿ ಹುರಿಯದೆ, ಉಪ್ಪು-ಖಾರ ಸವರದೆ, ಬಿಳಿಯಾಗಿಯೇ ಮಾರುವ ಗೇರುಬೀಜದ ತಿರುಳಿಗೆ ಹಸಿ ಗೋಡಂಬಿ ಅಥವಾ ಕಚ್ಚಾ ಕಾಜು ಎಂಬ ಹೆಸರಿದೆ. ಹೆಸರು ಹೀಗಿದ್ದರೂ ಈ ತಿರುಳು ಬೆಂಕಿ ಕಾಣದ ಪದಾರ್ಥವಲ್ಲ; ಚಿಪ್ಪು ಒಡೆಯುವ ಮೊದಲು ಒಮ್ಮೆ ಬಿಸಿ ಹಬೆಗೋ ಕಾದ ಎಣ್ಣೆಗೋ, ಚಿಪ್ಪು ತೆಗೆದ ಮೇಲೆ ಇನ್ನೊಮ್ಮೆ ಬಿಸಿಗಾಳಿಗೆ ಒಳಗಾದ ನಂತರವೇ ಅದು ಅಂಗಡಿಗೆ ಬರುತ್ತದೆ. ಹೀಗೆ ಸಂಸ್ಕರಿಸಿ, ಆರಿಸಿ, ಒಣಗಿಸಿದ ತಿರುಳನ್ನು ಗೋಡಂಬಿಯ ಅಲರ್ಜಿಯಿಲ್ಲದವರು ಹಾಗೆಯೇ ತಿನ್ನಬಹುದು.

ಹೆಸರಿನ ಗೊಂದಲ

‘ಕಚ್ಚಾ’ ಎಂಬ ಮಾತಿಗೆ ಕಾರ್ಖಾನೆಯಲ್ಲಿ ಒಂದು ಅರ್ಥ, ಅಂಗಡಿಯಲ್ಲಿ ಇನ್ನೊಂದು ಅರ್ಥ. ಕಾರ್ಖಾನೆಯವರಿಗೆ ಕಚ್ಚಾ ಮಾಲು ಎಂದರೆ ಚಿಪ್ಪಿನೊಳಗೇ ಇರುವ, ಬಿಸಿಲಿಗೆ ಒಣಗಿಸಿದ ಇಡೀ ಗೇರುಬೀಜ. ಅದನ್ನು ಯಾರೂ ನೇರವಾಗಿ ತಿನ್ನುವಂತಿಲ್ಲ. ಅಂಗಡಿಯವರಿಗೆ ಕಚ್ಚಾ ಎಂದರೆ ತಿನ್ನಲು ಸಿದ್ಧವಾಗಿದ್ದು, ರುಚಿಗಾಗಿ ಮಾತ್ರ ಇನ್ನೂ ಹುರಿಯದ ತಿರುಳು.

ಅಥಣಿ ತಾಲ್ಲೂಕಿನ ಸತ್ತಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಭಾಗದಲ್ಲಿ ಕಬ್ಬಿನಷ್ಟು ಪರಿಚಿತವಲ್ಲದ ಗೇರು, ಪಶ್ಚಿಮಕ್ಕೆ ಸಾಗಿದಂತೆ ಖಾನಾಪುರದ ಮಲೆಸೀಮೆಯಲ್ಲಿಯೂ ಕೊಲ್ಹಾಪುರ ಜಿಲ್ಲೆಯ ಚಂದಗಡ, ಆಜರಾ ತಾಲ್ಲೂಕುಗಳಲ್ಲಿಯೂ ಕಾಣಸಿಗುತ್ತದೆ. ಕನ್ನಡ, ಮರಾಠಿ ಎರಡೂ ನಡೆಯುವ ಈ ಗಡಿ ಪೇಟೆಗಳಲ್ಲಿ ಮತ್ತೊಂದು ತೊಡಕಿದೆ. ಕನ್ನಡದಲ್ಲಿ ಗೋಡಂಬಿ ಎಂದರೆ ಕಾಜು. ಮರಾಠಿಯಲ್ಲಿ ‘ಗೋಡಂಬಿ’ ಎಂದರೆ ಬಿಬ್ಬೆಯ, ಅಂದರೆ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಕಾಯಿಯ, ಒಳತಿರುಳು. ಅಂಟಿನ ಉಂಡೆಗೆ ಹಾಕುವ ಈ ತಿರುಳೂ ಕಾಜುವೂ ಬೇರೆ ಬೇರೆ ಮರಗಳಿಂದ ಬಂದರೂ ಎರಡೂ ಮರಗಳು ಮಾವಿನ ಕುಟುಂಬಕ್ಕೇ ಸೇರಿವೆ, ಮತ್ತು ಎರಡರ ಚಿಪ್ಪಿನಲ್ಲಿಯೂ ಚರ್ಮವನ್ನು ಸುಡುವ ರಸವಿದೆ.

ಚಿಪ್ಪಿನ ಎಣ್ಣೆ

ಗೇರುಬೀಜದ ಚಿಪ್ಪು ಒಂದೇ ಪದರದ್ದಲ್ಲ. ಹೊರಗಿನ ಗಟ್ಟಿ ತೊಗಟೆಗೂ ಒಳಗಿನ ಗಟ್ಟಿ ಪದರಕ್ಕೂ ನಡುವೆ ಜೇನುಹುಟ್ಟಿನಂತಹ ಗೂಡುಗಳಿದ್ದು, ಅವುಗಳಲ್ಲಿ ಕಂದು ಬಣ್ಣದ ದಪ್ಪ ಎಣ್ಣೆ ತುಂಬಿರುತ್ತದೆ. ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಎಂಬ ಪದಾರ್ಥಗಳು ಇದರ ಮುಖ್ಯ ಅಂಶಗಳು. ಚರ್ಮಕ್ಕೆ ತಗಲಿದರೆ ಉರಿ, ಗುಳ್ಳೆ, ಕಪ್ಪು ಕಲೆಗಳು ಏಳುತ್ತವೆ. ಬಾಯಿಗೆ ತಗಲಿದರೆ ತುಟಿ-ನಾಲಗೆ ಬಾಯುತ್ತವೆ. ಬೀಜ ಒಡೆಯುವ ಕೆಲಸಗಾರರು ಕೈಗೆ ಎಣ್ಣೆ ಅಥವಾ ಬೂದಿ ಸವರಿಕೊಳ್ಳುವುದು ಈ ಕಾರಣಕ್ಕೆ.

ಈ ಎಣ್ಣೆ ಇರುವುದು ಚಿಪ್ಪಿನಲ್ಲಿ, ತಿರುಳಿನಲ್ಲಲ್ಲ. ಆದ್ದರಿಂದ ಗೋಡಂಬಿಯ ಸುರಕ್ಷತೆಯು ತಿರುಳು ಎಷ್ಟು ಬೆಂದಿದೆ ಎಂಬುದಕ್ಕಿಂತ, ಚಿಪ್ಪಿನಿಂದ ಅದು ಎಷ್ಟು ಸ್ವಚ್ಛವಾಗಿ ಬೇರ್ಪಟ್ಟಿದೆ ಎಂಬುದನ್ನು ಅವಲಂಬಿಸಿದೆ.

ಒಂದು ಚೀಲದ ಹಾದಿ

80 ಕಿಲೋ ತೂಕದ ಒಂದು ಚೀಲ ಬೀಜವನ್ನು ಹಿಂಬಾಲಿಸಿದರೆ ಈ ಬೇರ್ಪಡಿಕೆ ಹೇಗಾಗುತ್ತದೆಂಬುದು ತಿಳಿಯುತ್ತದೆ. ಕೊಯ್ಲಾದ ಬೀಜವನ್ನು ಎರಡು ಮೂರು ದಿನ ಬಿಸಿಲಿಗೆ ಹರಡಿ ತೇವ ಇಳಿಸಿ, ಮುಚ್ಚಿದ ಹಂಡೆಯಂತಹ ಪಾತ್ರೆಗೆ ತುಂಬಿ, ಒತ್ತಡದ ಹಬೆಯನ್ನು ಸುಮಾರು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಗಳವರೆಗೆ ಹಾಯಿಸಲಾಗುತ್ತದೆ. ಹಬೆಯ ಕೆಲಸ ಎಣ್ಣೆಯನ್ನು ನಾಶಮಾಡುವುದಲ್ಲ. ಚಿಪ್ಪು ಬಿರುಸಾಗಿ, ಒಳಗಿನ ತಿರುಳು ಅದರಿಂದ ಸಡಿಲಗೊಳ್ಳುವಂತೆ ಮಾಡುವುದು. ನಂತರ ಬೀಜವನ್ನು ನೆಲದ ಮೇಲೆ ಹರಡಿ ಒಂದು ರಾತ್ರಿ ಆರಲು ಬಿಟ್ಟು, ಮರುದಿನ ಕತ್ತರಿಸುವ ಯಂತ್ರದಲ್ಲಿ ಚಿಪ್ಪನ್ನು ಎರಡಾಗಿ ಸೀಳಿ, ಸೂಜಿಯಂತಹ ಮೊನೆಯಿಂದ ತಿರುಳನ್ನು ಎತ್ತಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಬೀಜವನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಸಮೀಪದಲ್ಲಿ ಕಾದ ಚಿಪ್ಪಿನ ಎಣ್ಣೆಯಲ್ಲಿಯೇ ಒಂದೆರಡು ನಿಮಿಷ ಮುಳುಗಿಸಿ, ಚಿಪ್ಪಿನ ಎಣ್ಣೆಯ ಒಂದು ಪಾಲನ್ನು ಹೊರಬರಿಸುತ್ತಿದ್ದರು.

ಹೊರಬಂದ ತಿರುಳಿಗೆ ಇನ್ನೂ ಕೆಂಗಂದು ಪೊರೆ ಅಂಟಿರುತ್ತದೆ. ಕಾರ್ಖಾನೆಯವರು ಬೋರ್ಮಾ ಎನ್ನುವ ಬಿಸಿಗಾಳಿ ಕೋಣೆಯಲ್ಲಿ ಅದನ್ನು ಸುಮಾರು 65-70 ಡಿಗ್ರಿಯಲ್ಲಿ ಆರೆಂಟು ಗಂಟೆ ಒಣಗಿಸಿದಾಗ ಪೊರೆ ಗರಿಗರಿಯಾಗಿ ಸುಲಿಯಲು ಬರುತ್ತದೆ. ಸುಲಿದ ತಿರುಳನ್ನು ಗಾತ್ರ, ಬಣ್ಣ, ಒಡಕು ನೋಡಿ ಆರಿಸಿ ಡಬ್ಬಿ ತುಂಬಲಾಗುತ್ತದೆ. ಮಾರುಕಟ್ಟೆಯ ‘ಡಬ್ಲ್ಯೂ 320’ ದರ್ಜೆಯಲ್ಲಿ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, 300ರಿಂದ 320 ಇಡೀ ತಿರುಳುಗಳು ತೂಗುತ್ತವೆ. 80 ಕಿಲೋ ಬೀಜದಿಂದ ಕೊನೆಗೆ ದಕ್ಕುವ ತಿರುಳು ಸುಮಾರು 20ರಿಂದ 24 ಕಿಲೋ.

ಇಷ್ಟು ಶಾಖವುಂಡ ತಿರುಳನ್ನು ನೀರಲ್ಲಿ ನೆನೆಸಿಟ್ಟರೆ ಉಬ್ಬುತ್ತದೆಯೇ ಹೊರತು ಮೊಳಕೆಯೊಡೆಯುವುದಿಲ್ಲ. ಬಿತ್ತನೆಗೆಂದು ಚಿಪ್ಪಿನೊಡನೆ ಒಣಗಿಸಿಟ್ಟ ಹೊಸ ಬೀಜ ಮೊಳೆಯುತ್ತದೆ.

ನಿಜವಾಗಿ ಹಸಿಯಾದ ತಿರುಳು

ಶಾಖ ಕಾಣದ ಗೋಡಂಬಿಯೂ ಉಂಟು, ಆದರೆ ಅದರ ದಾರಿ ಬೇರೆ. ಕೊಂಕಣ ಮತ್ತು ಗೋವೆಯಲ್ಲಿ ಬೇಸಗೆಯ ಆರಂಭದಲ್ಲಿ ಬಲಿಯದ ಹಸಿರು ಬೀಜವನ್ನು ಸೀಳಿ ತೆಗೆದ ಎಳೆ ತಿರುಳು ‘ಓಲೆ ಕಾಜು’ ಎಂದು ಮಾರಾಟವಾಗುತ್ತದೆ. ಕೊಂಕಣಿಗರು ಇದನ್ನು ‘ಬಿಬ್ಬೊ’ ಎನ್ನುತ್ತಾರೆ. ಸೀಳುವಾಗ ಕೈಗೂ ಪೊರೆಗೂ ಚಿಪ್ಪಿನ ಸೊನೆ ಹತ್ತುವುದರಿಂದ, ತಿರುಳನ್ನು ಬಿಸಿನೀರಲ್ಲಿ ನೆನೆಸಿ, ಪೊರೆ ಸುಲಿದು, ಚೆನ್ನಾಗಿ ತೊಳೆದು, ಉಸಳಿ ಅಥವಾ ಪಲ್ಯವಾಗಿ ಬೇಯಿಸುವುದು ರೂಢಿ. ಅಂದರೆ ನಿಜವಾಗಿ ಹಸಿಯಾದ ಗೋಡಂಬಿಯನ್ನು ಜನ ಬೇಯಿಸಿ ತಿನ್ನುತ್ತಾರೆ, ಹಸಿ ಎಂದು ಕರೆಯುವ ಅಂಗಡಿಯ ಗೋಡಂಬಿಯನ್ನು ಹಾಗೆಯೇ ತಿನ್ನುತ್ತಾರೆ. ಹಬೆಯಿಲ್ಲದೆ ಕೈಯಿಂದ ಒಡೆದು, ಕಡಿಮೆ ಶಾಖದಲ್ಲಿ ಒಣಗಿಸಿದ ತಿರುಳನ್ನೂ ಕೆಲವರು ತಯಾರಿಸುತ್ತಾರಾದರೂ, ಅದು ಬೇರೆ ಹೆಸರು, ಬೇರೆ ದರದಲ್ಲಿ ಮಾರುವ ಸರಕು.

ಅಪಾಯ ಉಳಿಯುವ ಕಡೆ

ಬೇರ್ಪಡಿಕೆ ಕೆಟ್ಟರೆ ಸಂಸ್ಕರಿಸಿದ ಗೋಡಂಬಿಯೂ ತೊಂದರೆ ಕೊಡುತ್ತದೆ. 1982ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೊಜಾಂಬಿಕ್‌ನಿಂದ ಬಂದ ಗೋಡಂಬಿ ತಿಂದ 54 ಜನರಿಗೆ ಮೈಮೇಲೆ ತುರಿಕೆಯ ದದ್ದುಗಳೆದ್ದವು. ಪರೀಕ್ಷಿಸಿದಾಗ ಪೊಟ್ಟಣಗಳಲ್ಲಿ ಚಿಪ್ಪಿನ ಚೂರುಗಳು ಕಂಡವು. ಆದ್ದರಿಂದ ಬಿಡಿಯಾಗಿ ಕೊಳ್ಳುವಾಗ, ವಿಶೇಷವಾಗಿ ಅಗ್ಗದ ತುಕಡಿಗಳಲ್ಲಿ, ಕಡುಗಂದು ಗಟ್ಟಿ ಚೂರುಗಳನ್ನೂ ಎಣ್ಣೆಯ ಕಪ್ಪು ಕಲೆ ಹತ್ತಿದ ತಿರುಳನ್ನೂ ಆರಿಸಿ ಎಸೆಯಬೇಕು. ಒಣಗಿಸುವಾಗ ಒಂದೇ ಸಮನೆ ತಿಳಿಗಂದು ಬಣ್ಣಕ್ಕೆ ತಿರುಗಿದ್ದು ದರ್ಜೆಯಲ್ಲಿ ಕಡಿಮೆಯೇ ಹೊರತು ವಿಷವಲ್ಲ.

ಹಬೆಯು ಆಮೇಲೆ ತಗಲುವ ಕೊಳೆಯಿಂದ ರಕ್ಷಣೆ ಕೊಡುವುದಿಲ್ಲ. ಸುಲಿಯುವಾಗ, ಆರಿಸುವಾಗ ಹಲವರ ಕೈ ದಾಟುವ ತಿರುಳಿಗೆ ರೋಗಾಣುಗಳು ಸೇರಬಹುದು. ಒಣಗಿದ್ದಾಗ ಅವು ಬೆಳೆಯುವುದಿಲ್ಲವಾದರೂ, ನೆನೆಸಿ ಅರೆದ ಗೋಡಂಬಿಯಲ್ಲಿ ಬೇಗ ಹೆಚ್ಚುತ್ತವೆ. 2021ರಲ್ಲಿ ಅಮೆರಿಕದಲ್ಲಿ ಗೋಡಂಬಿಯಿಂದ ಮಾಡಿದ ಚೀಸ್‌ನ ಮೂಲಕ ಸಾಲ್ಮೊನೆಲ್ಲಾ ಸೋಂಕು ಹರಡಿದ್ದುಂಟು. ನೆನೆಸಿ ಅರೆದದ್ದನ್ನು ಕುದಿಸಿ ಬಳಸುವುದು ಇದಕ್ಕೆ ಪರಿಹಾರ. ತೇವ ಹೀರಿ ಮೆತ್ತಗಾಗಿ ಬೂಷ್ಟು ಹಿಡಿದ ತಿರುಳನ್ನು ಹುರಿದರೂ ತಿನ್ನಬಾರದು, ಏಕೆಂದರೆ ಬೂಷ್ಟಿನ ವಿಷ ಹುರಿಯುವ ಶಾಖಕ್ಕೆ ಪೂರ್ತಿ ಅಳಿಯುವುದಿಲ್ಲ.

ಗೋಡಂಬಿಯ ಅಲರ್ಜಿಗೂ ಚಿಪ್ಪಿನ ಎಣ್ಣೆಗೂ ಸಂಬಂಧವಿಲ್ಲ. ಅದು ತಿರುಳಿನ ಪ್ರೋಟೀನಿಗೆ ದೇಹ ತೋರುವ ಪ್ರತಿಕ್ರಿಯೆಯಾದ್ದರಿಂದ, ಅಂತಹವರಿಗೆ ಹಸಿಯದೂ ಹುರಿದದ್ದೂ ಒಂದೇ ತೆರನಾಗಿ ವರ್ಜ್ಯ.