ಕರಡು ವಿಡಿಯೊಗೆ ಟೈಮ್‌ಕೋಡ್ ಟಿಪ್ಪಣಿ: ತಿದ್ದುಪಡಿಯ ಸುತ್ತುಗಳ ಲೆಕ್ಕ ತಪ್ಪದಿರಲು

ಮೂರು ನಿಮಿಷದ ಪರಿಚಯ ಚಿತ್ರವೊಂದರ ಸಂಕಲನಕ್ಕೆ ನಾಲ್ಕು ದಿನ ಸಾಕಾದರೂ ಅದಕ್ಕೆ ಗ್ರಾಹಕರ ಒಪ್ಪಿಗೆ ಪಡೆಯಲು ನಾಲ್ಕು ವಾರ ಹಿಡಿಯುವುದುಂಟು. ಈ ವಿಳಂಬಕ್ಕೆ ಅಭಿರುಚಿಯ ವ್ಯತ್ಯಾಸವೊಂದೇ ಕಾರಣವಲ್ಲ. ಯಾವ ಆವೃತ್ತಿಯ ಯಾವ ಕ್ಷಣದ ಬಗ್ಗೆ ಮಾತು ನಡೆಯುತ್ತಿದೆ ಎಂಬುದೇ ಎರಡೂ ಕಡೆಯವರಿಗೆ ಸ್ಪಷ್ಟವಾಗದಿರುವುದು ಹಲವು ಸಲ ಇದರ ಮೂಲವಾಗಿರುತ್ತದೆ. ಒಟ್ಟು ಮೊತ್ತಕ್ಕೆ ಕೆಲಸ ಒಪ್ಪಿಕೊಂಡ ಸಂಕಲನಕಾರನಿಗೆ ಹೆಚ್ಚುವರಿ ಸುತ್ತು ಎಂದರೆ ಸಂಭಾವನೆಯಿಲ್ಲದ ದುಡಿಮೆ. ಗ್ರಾಹಕರಿಗೆ ಅದು ಕೈತಪ್ಪಿದ ಬಿಡುಗಡೆಯ ದಿನ. ಟೈಮ್‌ಕೋಡ್ ಸಹಿತ ಟಿಪ್ಪಣಿ ಈ ಗೊಂದಲಕ್ಕೆ ಪರಿಹಾರ. ಆದರೆ ಅದರ ಮಿತಿಯನ್ನು ಅರಿಯದೆ ಬಳಸಿದರೆ ಅದೇ ಹೊಸ ಗೊಂದಲಕ್ಕೆ ದಾರಿಯಾಗುತ್ತದೆ.

ಟೈಮ್‌ಕೋಡ್ ಎಂದರೇನು?

ವಿಡಿಯೊದ ಪ್ರತಿಯೊಂದು ಫ್ರೇಮಿಗೂ ನೀಡಲಾಗುವ ವಿಳಾಸವೇ ಟೈಮ್‌ಕೋಡ್. ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂಬ ನಾಲ್ಕು ಭಾಗಗಳಲ್ಲಿ ಅದನ್ನು ಬರೆಯಲಾಗುತ್ತದೆ. ಭಾರತದ ಟಿ.ವಿ. ಪ್ರಸಾರದಲ್ಲಿ ಸೆಕೆಂಡಿಗೆ 25 ಫ್ರೇಮುಗಳ ಪದ್ಧತಿಯಿದೆ. ಆ ಲೆಕ್ಕದಲ್ಲಿ 00:01:35:12 ಎಂದರೆ ಒಂದು ನಿಮಿಷ 35 ಸೆಕೆಂಡು ಕಳೆದು ಮುಂದಿನ 12 ಫ್ರೇಮು, ಅಂದರೆ ಹೆಚ್ಚೂಕಡಿಮೆ ಅರ್ಧ ಸೆಕೆಂಡು.

ವಿಡಿಯೊ ಟೇಪಿನ ಕಾಲದಲ್ಲಿ ಈ ಅಂಕಿಗಳನ್ನು ಚಿತ್ರದ ಮೇಲೆಯೇ ಮುದ್ರಿಸಿದ ವಿ.ಎಚ್.ಎಸ್. ಪ್ರತಿಯನ್ನು ಗ್ರಾಹಕರಿಗೆ ಕಳುಹಿಸಲಾಗುತ್ತಿತ್ತು. ಅವರು ಕಾಗದದ ಮೇಲೆ ಅಂಕಿ ಸಹಿತ ತಿದ್ದುಪಡಿ ಬರೆದು ಹಿಂದಿರುಗಿಸುತ್ತಿದ್ದರು. ಇಂದು ಅದೇ ಕೆಲಸ ಅಂತರ್ಜಾಲದ ಮೂಲಕ ನಡೆಯುತ್ತದೆ. 2014ರಲ್ಲಿ ಆರಂಭವಾಗಿ 2021ರಲ್ಲಿ ಅಡೋಬಿ ಕಂಪನಿಯ ಪಾಲಾದ ಫ್ರೇಮ್ ಡಾಟ್ ಐಒದಂತಹ ಸೇವೆಗಳಲ್ಲಿ ಗ್ರಾಹಕರು ವಿಡಿಯೊ ನಿಲ್ಲಿಸಿ ಟಿಪ್ಪಣಿ ಬರೆದರೆ, ಆ ಕ್ಷಣದ ಟೈಮ್‌ಕೋಡ್ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ. ಇಂತಹ ಸೇವೆ ಇಲ್ಲದಿದ್ದರೂ ಅಂಕಿ ಮುದ್ರಿತ ಪ್ರತಿ ಮತ್ತು ಒಂದು ಪಟ್ಟಿ ಇದ್ದರೆ ಕೆಲಸ ಸಾಗುತ್ತದೆ.

ಕಳುಹಿಸುವ ಮುನ್ನ

ಕರಡು ಪ್ರತಿಯಲ್ಲಿ ಟೈಮ್‌ಕೋಡನ್ನು ಚಿತ್ರದ ಮೇಲ್ಭಾಗದ ಮೂಲೆಯಲ್ಲಿ ಮುದ್ರಿಸುವುದು ಒಳ್ಳೆಯದು. ಕೆಳಭಾಗದಲ್ಲಿದ್ದರೆ ಉಪಶೀರ್ಷಿಕೆ ಮತ್ತು ಹೆಸರಿನ ಪಟ್ಟಿಗಳನ್ನು ಅದು ಮುಚ್ಚಿಬಿಡುತ್ತದೆ. ಅದರ ಪಕ್ಕದಲ್ಲಿಯೇ ಆವೃತ್ತಿಯ ಸಂಖ್ಯೆಯೂ ಕಾಣುವಂತಿರಬೇಕು. ಫೈಲಿನ ಹೆಸರಿನಲ್ಲಿ `parichaya_v01.mp4`, `parichaya_v02.mp4` ಎಂಬಂತೆ ಸಂಖ್ಯೆ ಇರಲಿ. `final`, `final_new` ಎಂಬ ಹೆಸರುಗಳು ಎರಡನೆಯ ವಾರಕ್ಕೇ ಅರ್ಥ ಕಳೆದುಕೊಳ್ಳುತ್ತವೆ.

ಅಂಕಿ ಮುದ್ರಿಸಲು ಇನ್ನೊಂದು ಕಾರಣವೂ ಇದೆ. ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಹೊಸ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಆರಂಭವಾಗುತ್ತದೆ. ಗ್ರಾಹಕರ ಫೋನಿನಲ್ಲಿರುವ ಪ್ಲೇಯರ್ ಮಾತ್ರ ಸೊನ್ನೆಯಿಂದ ಎಣಿಸುತ್ತದೆ ಮತ್ತು ಫ್ರೇಮುಗಳನ್ನು ತೋರಿಸುವುದೇ ಇಲ್ಲ. ಒಬ್ಬರು ಮುದ್ರಿತ ಅಂಕಿಯನ್ನೂ ಇನ್ನೊಬ್ಬರು ಪ್ಲೇಯರಿನ ಅಂಕಿಯನ್ನೂ ಬರೆದರೆ ಪಟ್ಟಿ ಬೆರಕೆಯಾಗುತ್ತದೆ. ಚಿತ್ರದ ಮೇಲಿನ ಅಂಕಿಯನ್ನೇ ಬರೆಯಬೇಕೆಂದು ಮೊದಲೇ ತಿಳಿಸುವುದು ಅಗತ್ಯ.

ಟಿಪ್ಪಣಿ ಹೇಗಿರಬೇಕು?

ಟೈಮ್‌ಕೋಡ್ ‘ಯಾವಾಗ’ ಎಂಬುದನ್ನು ಮಾತ್ರ ಹೇಳುತ್ತದೆ. ‘ಯಾವುದು’ ಎಂಬುದನ್ನು ಹೇಳುವುದಿಲ್ಲ. ಒಂದೇ ಕ್ಷಣದಲ್ಲಿ ದೃಶ್ಯ, ನಿರೂಪಣೆಯ ಧ್ವನಿ, ಹಿನ್ನೆಲೆ ಸಂಗೀತ ಮತ್ತು ತೆರೆಯ ಮೇಲಿನ ಅಕ್ಷರ ಎಲ್ಲವೂ ಇರುತ್ತವೆ. “1:35 ಚೆನ್ನಾಗಿಲ್ಲ” ಎಂದರೆ ಇವುಗಳಲ್ಲಿ ಯಾವುದರ ಮಾತು? “1:35ರಿಂದ 1:48, ಸಂಗೀತ ಜೋರಾಗಿದ್ದು ನಿರೂಪಣೆ ಕೇಳಿಸುತ್ತಿಲ್ಲ” ಎಂಬುದು ಪೂರ್ಣ ಟಿಪ್ಪಣಿ. ಅದರಲ್ಲಿ ಆರಂಭ, ಅಂತ್ಯ, ವಸ್ತು ಮತ್ತು ತೊಂದರೆ ನಾಲ್ಕೂ ಇವೆ.

ಅಂಕಿಯ ಜೊತೆಗೆ ದೃಶ್ಯದ ಗುರುತನ್ನೂ ಎರಡು ಪದಗಳಲ್ಲಿ ಬರೆಯುವಂತೆ ಗ್ರಾಹಕರನ್ನು ಕೋರಬೇಕು. ನೋಡುಗನು ದೋಷ ಕಂಡು, ಯೋಚಿಸಿ, ಗುಂಡಿ ಒತ್ತುವಷ್ಟರಲ್ಲಿ ಸೆಕೆಂಡು ಕಳೆದಿರುತ್ತದೆ. ಆ ಹೊತ್ತಿಗೆ 25 ಫ್ರೇಮುಗಳು ಸರಿದು ಮುಂದಿನ ಶಾಟ್ ಬಂದಿರಬಹುದು. ಹೀಗಾಗಿ ಟಿಪ್ಪಣಿಗೂ ಅದು ತೋರಿಸುವ ಶಾಟಿಗೂ ಸಂಬಂಧವೇ ಇಲ್ಲವೆನಿಸಿದಾಗ ಸಂಕಲನಕಾರ ಮೊದಲು ಒಂದೆರಡು ಸೆಕೆಂಡು ಹಿಂದಕ್ಕೆ ಹೋಗಿ ನೋಡಬೇಕು.

ಬಣ್ಣ ಮತ್ತು ಧ್ವನಿಯ ಬಗೆಗಿನ ಟಿಪ್ಪಣಿಗಳಲ್ಲಿ ನೋಡಿದ ಸಾಧನ ಯಾವುದೆಂದು ಕೇಳಿ ತಿಳಿಯುವುದು ಲೇಸು. ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ವಿಡಿಯೊವಾಗಿ ಕಳುಹಿಸಿದ ಪ್ರತಿಯ ಗುಣಮಟ್ಟ ಇಳಿದಿರುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗು ಸ್ವರದ ವಾದ್ಯಗಳು ಕೇಳುವುದೇ ಕಷ್ಟ. ಅಲ್ಲಿ ಕಂಡ ಮಸುಕು ಮೂಲ ಪ್ರತಿಯಲ್ಲಿ ಇಲ್ಲದಿರಬಹುದು.

ಒಂದು ಉದಾಹರಣೆ

ಅಗರಬತ್ತಿ ತಯಾರಿಕಾ ಘಟಕವೊಂದರ 3 ನಿಮಿಷ 20 ಸೆಕೆಂಡಿನ ಪರಿಚಯ ಚಿತ್ರದ ಮೊದಲ ಕರಡಿಗೆ ಐದು ಟಿಪ್ಪಣಿಗಳು ಬಂದಿವೆ ಎಂದುಕೊಳ್ಳೋಣ. ಅಂಕಿಗಳು ಸೊನ್ನೆಯಿಂದ ಆರಂಭವಾಗಿವೆ.

1. 00:00:18:00 – ಸಂಸ್ಥೆಯ ಹೆಸರಿನಲ್ಲಿ ಕಾಗುಣಿತ ತಪ್ಪಿದೆ.
2. 00:00:42:00ರಿಂದ 00:00:50:00 – ಯಂತ್ರದ ಶಾಟ್ ಬೇಡ.
3. 00:01:35:00ರಿಂದ 00:01:48:00 – ಸಂಗೀತ ಜೋರಾಗಿದೆ.
4. 00:02:10:00 – ಹೊಸ ಗೋದಾಮಿನ ದೃಶ್ಯ ಸೇರಿಸಿ.
5. 00:02:55:12 – ಒಂದು ಕ್ಷಣ ತೆರೆ ಕಪ್ಪಾಗುತ್ತದೆ.

ಪಟ್ಟಿಯ ಕ್ರಮದಲ್ಲಿಯೇ ಕೆಲಸ ಆರಂಭಿಸಿದರೆ ಏನಾಗುತ್ತದೆ? ಎರಡನೆಯ ಟಿಪ್ಪಣಿಯಂತೆ 8 ಸೆಕೆಂಡು ತೆಗೆದು ಜಾಗ ಮುಚ್ಚಿದೊಡನೆ ಅದರ ಮುಂದಿನದೆಲ್ಲವೂ 8 ಸೆಕೆಂಡು ಹಿಂದಕ್ಕೆ ಸರಿಯುತ್ತದೆ. ಸಂಗೀತದ ದೋಷ ಈಗ 00:01:27:00ರಲ್ಲಿದೆ. ಗೋದಾಮಿನ ದೃಶ್ಯ ಸೇರಬೇಕಾದ ಜಾಗ 00:02:02:00. ಅಲ್ಲಿ 4 ಸೆಕೆಂಡಿನ ದೃಶ್ಯ ಸೇರಿಸಿದ ಮೇಲೆ ಕಪ್ಪು ಫ್ರೇಮು 00:02:51:12ಕ್ಕೆ ಬಂದಿರುತ್ತದೆ. ಹಳೆಯ ಅಂಕಿಯಲ್ಲಿ ಹುಡುಕಿದವನಿಗೆ ಅದು ಕಾಣುವುದಿಲ್ಲ. ದೋಷ ಹಾಗೆಯೇ ಎರಡನೆಯ ಕರಡಿನಲ್ಲಿ ಉಳಿಯುತ್ತದೆ. “ಹೇಳಿದ್ದನ್ನು ಮಾಡಿಲ್ಲ” ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಇಲ್ಲಿ ನೆನಪಿಡಬೇಕಾದ ಸಂಗತಿ ಇದು: ಟಿಪ್ಪಣಿಯ ಟೈಮ್‌ಕೋಡ್ ಅದು ಹುಟ್ಟಿದ ಆವೃತ್ತಿಗೆ ಮಾತ್ರ ನಿಜ. ಇದನ್ನು ನಿಭಾಯಿಸಲು ಎರಡು ದಾರಿಗಳಿವೆ. ಮೊದಲನೆಯದು, ಕೊನೆಯ ಟಿಪ್ಪಣಿಯಿಂದ ಹಿಂದಕ್ಕೆ ಕೆಲಸ ಮಾಡುತ್ತ ಬರುವುದು. 2:55ರಲ್ಲಿ ಏನು ಬದಲಿಸಿದರೂ ಅದಕ್ಕಿಂತ ಮೊದಲಿನ ಅಂಕಿಗಳು ಕದಲುವುದಿಲ್ಲ. ಎರಡನೆಯದು, ಏನನ್ನೂ ಕತ್ತರಿಸುವ ಮೊದಲು ಎಲ್ಲ ಟಿಪ್ಪಣಿಗಳನ್ನೂ ಆಯಾ ಕ್ಲಿಪ್‌ಗಳ ಮೇಲೆಯೇ ಮಾರ್ಕರ್‌ಗಳಾಗಿ ಅಂಟಿಸುವುದು. ಕ್ಲಿಪ್ ಸರಿದಾಗ ಅದರ ಮೇಲಿನ ಮಾರ್ಕರ್ ಕೂಡ ಸರಿಯುತ್ತದೆ. ಯಾವ ದಾರಿ ಹಿಡಿದರೂ ಮೊದಲ ಕರಡಿನ ಟೈಮ್‌ಲೈನಿನ ನಕಲು ತೆಗೆದು, ಮೂಲವನ್ನು ಮುಟ್ಟದೆ ಇಡಬೇಕು. “ಹಿಂದಿನದೇ ಚೆನ್ನಾಗಿತ್ತು” ಎಂಬ ಮಾತು ಬಂದಾಗ ಅದೇ ಆಸರೆ.

ಸುತ್ತಿನ ವ್ಯಾಖ್ಯೆ

ಒಪ್ಪಂದದಲ್ಲಿ ಎರಡು ಅಥವಾ ಮೂರು ಸುತ್ತುಗಳ ತಿದ್ದುಪಡಿ ಎಂದು ಬರೆಯುವುದು ರೂಢಿ. ಆದರೆ ಸುತ್ತು ಎಂದರೇನು ಎಂಬುದನ್ನು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಒಂದು ಕರಡು ಕಳುಹಿಸಿ, ಅದಕ್ಕೆ ಒಂದೇ ಒಟ್ಟಾದ ಪಟ್ಟಿ ಪಡೆದು, ಮುಂದಿನ ಕರಡು ಕಳುಹಿಸುವವರೆಗಿನ ಅವಧಿಯೇ ಒಂದು ಸುತ್ತು. ಮಾಲೀಕರು ಸೋಮವಾರ, ಮಾರಾಟ ವಿಭಾಗದವರು ಬುಧವಾರ, ಮಾಲೀಕರ ಮಗ ಶನಿವಾರ ಬೇರೆ ಬೇರೆ ಟಿಪ್ಪಣಿ ಕಳುಹಿಸಿದರೆ ಅದು ಹೆಸರಿಗೆ ಒಂದು ಸುತ್ತು, ಕೆಲಸದಲ್ಲಿ ಮೂರು. ಒಬ್ಬರು ಸಂಗೀತ ಏರಿಸಲು, ಇನ್ನೊಬ್ಬರು ಇಳಿಸಲು ಹೇಳಿದಾಗ ತೀರ್ಪು ನೀಡುವುದು ಸಂಕಲನಕಾರನ ಕೆಲಸವಲ್ಲ. ಗ್ರಾಹಕರ ಕಡೆಯಿಂದ ಒಬ್ಬರೇ ಎಲ್ಲರ ಅಭಿಪ್ರಾಯ ಕ್ರೋಡೀಕರಿಸಿ, ವಿರೋಧಗಳನ್ನು ಬಗೆಹರಿಸಿ, ನಿಗದಿತ ದಿನದೊಳಗೆ ಪಟ್ಟಿ ಕಳುಹಿಸಬೇಕು. ಆ ವ್ಯಕ್ತಿ ಯಾರೆಂಬುದು ಮೊದಲ ಕರಡಿಗಿಂತ ಮುಂಚೆಯೇ ತೀರ್ಮಾನವಾಗಿರಲಿ.

ಪಟ್ಟಿ ಬಂದೊಡನೆ ಪ್ರತಿ ಟಿಪ್ಪಣಿಯ ಸ್ವರೂಪವನ್ನು ಗುರುತಿಸಬೇಕು. ಮೇಲಿನ ಉದಾಹರಣೆಯಲ್ಲಿ ಕಪ್ಪು ಫ್ರೇಮು ಸಂಕಲನಕಾರನದೇ ದೋಷ. ಎರಡು ಕ್ಲಿಪ್‌ಗಳ ನಡುವೆ ಸಣ್ಣ ಜಾಗ ಉಳಿದಿರುವುದು ಅದರ ಸಾಮಾನ್ಯ ಕಾರಣ. ಅದನ್ನು ಸುತ್ತಿನ ಲೆಕ್ಕಕ್ಕೆ ಹಿಡಿಯಬಾರದು. ಕಾಗುಣಿತದ ತಪ್ಪು ಗ್ರಾಹಕರು ಕಳುಹಿಸಿದ ಬರಹದಲ್ಲಿಯೇ ಇತ್ತೇ ಎಂದು ನೋಡಬೇಕು. ಯಂತ್ರದ ಶಾಟ್ ಮತ್ತು ಸಂಗೀತದ ಮಟ್ಟ ಒಪ್ಪಂದದೊಳಗಿನ ಸಹಜ ತಿದ್ದುಪಡಿಗಳು. ಗೋದಾಮಿನ ದೃಶ್ಯ ಚಿತ್ರೀಕರಣವೇ ಆಗಿರದಿದ್ದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ. ಅದರ ವೆಚ್ಚ ಮತ್ತು ದಿನಗಳನ್ನು ತಿಳಿಸಿ ಒಪ್ಪಿಗೆ ಬಂದ ನಂತರವೇ ಕೈಹಾಕಬೇಕು. ಕೆಲಸ ಮುಗಿದ ಮೇಲೆ ಬೆಲೆಯ ಮಾತೆತ್ತಿದರೆ ಜಗಳ ಖಚಿತ.

ಎರಡನೆಯ ಕರಡಿನೊಂದಿಗೆ ಉತ್ತರದ ಪಟ್ಟಿಯೂ ಹೋಗಬೇಕು. ಪ್ರತಿ ಟಿಪ್ಪಣಿಯ ಮುಂದೆ ಹಳೆಯ ಅಂಕಿ, ಹೊಸ ಅಂಕಿ ಮತ್ತು ‘ಆಗಿದೆ’, ‘ಆಗಿಲ್ಲ, ಕಾರಣ ಇಂತಿದೆ’, ‘ನಿಮ್ಮ ತೀರ್ಮಾನ ಬೇಕು’ ಎಂಬ ಮೂರರಲ್ಲಿ ಒಂದು ಉತ್ತರ ಇರಲಿ. ಇದರಿಂದ ಗ್ರಾಹಕರು ಇಡೀ ಚಿತ್ರವನ್ನು ಅನುಮಾನದಿಂದ ಜಾಲಾಡದೆ ಬದಲಾದ ಜಾಗಗಳನ್ನು ನೇರವಾಗಿ ಪರಿಶೀಲಿಸಬಹುದು. ಮೊದಲ ಕರಡಿನ ಮೇಲೆ ತಡವಾಗಿ ಬಂದ ಟಿಪ್ಪಣಿಗಳನ್ನು ಎರಡನೆಯದರ ಅಂಕಿಗೆ ಬದಲಿಸಿಕೊಂಡೇ ಪಟ್ಟಿಗೆ ಸೇರಿಸಬೇಕು.

ದೃಶ್ಯಗಳಿಗೆ ಬೀಗ

ದೃಶ್ಯಗಳ ಕ್ರಮ ಮತ್ತು ಉದ್ದ ಒಪ್ಪಿಗೆಯಾದ ಹಂತಕ್ಕೆ ಚಿತ್ರೋದ್ಯಮದಲ್ಲಿ ‘ಪಿಕ್ಚರ್ ಲಾಕ್’ ಎನ್ನುತ್ತಾರೆ. ಬಣ್ಣದ ಹೊಂದಾಣಿಕೆ, ಅಂತಿಮ ಧ್ವನಿ ಮಿಶ್ರಣ ಮತ್ತು ಉಪಶೀರ್ಷಿಕೆಗಳು ಅದರ ನಂತರದ ಕೆಲಸ. ಇವೆಲ್ಲವೂ ಟೈಮ್‌ಕೋಡಿನ ಮೇಲೆಯೇ ನಿಂತಿರುತ್ತವೆ. ಬೀಗ ಹಾಕಿದ ಮೇಲೆ 42ನೆಯ ಸೆಕೆಂಡಿನಲ್ಲಿ 8 ಸೆಕೆಂಡು ತೆಗೆದರೆ ಅದರ ಮುಂದಿನ ಪ್ರತಿಯೊಂದು ಉಪಶೀರ್ಷಿಕೆಯೂ 8 ಸೆಕೆಂಡು ತಡವಾಗಿ ಕಾಣಿಸುತ್ತದೆ. ಸಂಗೀತದ ತಾಳವೂ ನಡುವೆ ಕಡಿಯುತ್ತದೆ. ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದ ಬದಲಾವಣೆ ಆಗ ಮೂವರ ಕೆಲಸವನ್ನು ಮತ್ತೆ ತೆರೆಸುತ್ತದೆ. ಆದುದರಿಂದ ಈ ಒಪ್ಪಿಗೆ ದೂರವಾಣಿಯ ಮಾತಿನಲ್ಲಿ ನಿಲ್ಲಬಾರದು. “ಮೂರನೆಯ ಆವೃತ್ತಿ, ಉದ್ದ 3 ನಿಮಿಷ 16 ಸೆಕೆಂಡು, ದೃಶ್ಯಗಳಿಗೆ ಒಪ್ಪಿಗೆಯಿದೆ” ಎಂಬ ಒಂದು ಸಾಲು ಗ್ರಾಹಕರಿಂದ ಬರಹದಲ್ಲಿ ಬಂದ ಬಳಿಕವೇ ಧ್ವನಿ ಮತ್ತು ಬಣ್ಣದ ಕೆಲಸ ಆರಂಭವಾಗಬೇಕು.